ಉಪ್ಪು ಸೋರುವ ಮೂತ್ರಪಿಂಡ: ಬಾರ್ಟರ್ ಮತ್ತು ಗಿಟಲ್‌ಮನ್ ಕಾಯಿಲೆಗಳು

ನಾನು ಕಾಮರ್ಸ್ ವಿದ್ಯಾರ್ಥಿ. ಜೀವಶಾಸ್ತ್ರಕ್ಕೂ ನನಗೂ ಇದ್ದ ಸಂಬಂಧ ಹತ್ತನೇ ತರಗತಿಗೇ ಮುಗಿಯಿತು ಅಂದುಕೊಂಡಿದ್ದೆ. ಕಳೆದ ವರ್ಷ ನನ್ನ ಖಾಲಾ ಮಗಳ ರಕ್ತಪರೀಕ್ಷೆಯ ಚೀಟಿ ಕೈಗೆ ಬಂದಾಗ ಮತ್ತೆ ಓದಬೇಕಾಯಿತು. ಅವರನ್ನು ನಾವೆಲ್ಲ ಆಪಾ ಎಂದು ಕರೆಯುತ್ತೇವೆ. ವಯಸ್ಸು 20, ಬಿ.ಕಾಂ. ಓದುತ್ತಿದ್ದಾರೆ. ಒಂದೆರಡು ವರ್ಷದಿಂದ ಅವರಿಗೆ ರಾತ್ರಿ ಹೊತ್ತು ಕಾಲಿನ ಮೀನಖಂಡ ಹಿಡಿದುಕೊಳ್ಳುತ್ತಿತ್ತು, ಬೆರಳುಗಳು ಜುಮುಜುಮು ಎನ್ನುತ್ತಿದ್ದವು, ಮೆಟ್ಟಿಲು ಹತ್ತಿದರೆ ಸುಸ್ತು. ಚಿಕ್ಕಂದಿನಿಂದಲೂ ಅವರಿಗೆ ಉಪ್ಪು ಅಂದರೆ ಪ್ರಾಣ. ಉಪ್ಪಿನಕಾಯಿಯನ್ನು ಬರಿದೇ ತಿನ್ನುತ್ತಾರೆ ಎಂದು ಮನೆಯಲ್ಲಿ ಎಲ್ಲರೂ ನಗುತ್ತಿದ್ದೆವು.

ರಕ್ತದಲ್ಲಿ ಪೊಟ್ಯಾಸಿಯಂ 2.7 ಇತ್ತು. ಇರಬೇಕಾದದ್ದು 3.5ರಿಂದ 5. ಬೈಕಾರ್ಬನೇಟ್ 31 ಇತ್ತು, ಅಂದರೆ ರಕ್ತ ಕ್ಷಾರದ ಕಡೆಗೆ ವಾಲಿತ್ತು. ಮೊದಲು ನೋಡಿದ ವೈದ್ಯರೊಬ್ಬರು ಖಾಲಾರನ್ನು ಪಕ್ಕಕ್ಕೆ ಕರೆದು, "ಹುಡುಗಿ ತೆಳ್ಳಗಾಗಲು ಊಟ ಮಾಡಿ ವಾಂತಿ ಮಾಡಿಕೊಳ್ಳುತ್ತಿದ್ದಾಳೋ ಏನೋ, ಇಲ್ಲವೆ ಮೂತ್ರ ಹೆಚ್ಚಿಸುವ ಮಾತ್ರೆ ನುಂಗುತ್ತಿರಬಹುದು, ವಿಚಾರಿಸಿ" ಎಂದರು. ಮನೆಯಲ್ಲಿ ಹಲವು ವಾರ ಅನುಮಾನದ ವಾತಾವರಣ. ಆಪಾ ಎಷ್ಟು ಹೇಳಿದರೂ ಯಾರೂ ಪೂರ್ತಿ ನಂಬಲಿಲ್ಲ. ನಾನೂ ನಂಬಿರಲಿಲ್ಲ. ಆ ಅನುಮಾನವನ್ನು ಬಿಡಿಸಿದ್ದು ಎರಡು ಮೂರು ಸಾದಾ ಪರೀಕ್ಷೆಗಳು. ಅವು ಹೇಗೆ ಬಿಡಿಸಿದವು ಎಂಬುದೇ ಈ ಲೇಖನ.

ಮೊದಲು ಉಪ್ಪಿನ ಲೆಕ್ಕ ನೋಡೋಣ. ನಮ್ಮ ಎರಡು ಮೂತ್ರಪಿಂಡಗಳು ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ರಕ್ತದಿಂದ ಸೋಸುತ್ತವೆ. ಅದರ ಜೊತೆ ಸುಮಾರು ಒಂದೂವರೆ ಕಿಲೋ ಉಪ್ಪು ಸಣ್ಣ ನಾಳಗಳೊಳಗೆ ಇಳಿಯುತ್ತದೆ. ಇದರಲ್ಲಿ ಶೇಕಡ 99ಕ್ಕಿಂತ ಹೆಚ್ಚು ವಾಪಸ್ ರಕ್ತಕ್ಕೆ ಬರಬೇಕು. ವಸೂಲಿ ನಾಲ್ಕು ಕಡೆ ನಡೆಯುತ್ತದೆ. ನಾಳದ ಮೊದಲ ಭಾಗದಲ್ಲಿ ಸುಮಾರು ಮೂರನೇ ಎರಡು ಪಾಲು. ನಂತರ ಹೆನ್ಲೆ ಕುಣಿಕೆಯ ಮೇಲೇರುವ ದಪ್ಪ ಭಾಗದಲ್ಲಿ ಶೇಕಡ 25ರಷ್ಟು. ಅದರ ಮುಂದಿನ ಸುರುಳಿ ನಾಳದಲ್ಲಿ ಶೇಕಡ 5ರಿಂದ 7. ಕೊನೆಗೆ ಸಂಗ್ರಹ ನಾಳದಲ್ಲಿ ಉಳಿದ ಚಿಲ್ಲರೆ. ಎರಡನೇ ಕೌಂಟರಿನಲ್ಲಿ ಹುಟ್ಟಿನಿಂದಲೇ ದೋಷವಿದ್ದರೆ ಅದು ಬಾರ್ಟರ್ ಕಾಯಿಲೆ. ಮೂರನೆಯದರಲ್ಲಿ ದೋಷವಿದ್ದರೆ ಗಿಟಲ್‌ಮನ್ ಕಾಯಿಲೆ. ಅಮೆರಿಕದ ವೈದ್ಯ ಫ್ರೆಡರಿಕ್ ಬಾರ್ಟರ್ ಮತ್ತು ಜೊತೆಗಾರರು 1962ರಲ್ಲಿ ಮೊದಲನೆಯದನ್ನು ವರ್ಣಿಸಿದರು. ಹಿಲೆಲ್ ಗಿಟಲ್‌ಮನ್ ಮತ್ತು ಜೊತೆಗಾರರು 1966ರಲ್ಲಿ ಎರಡನೆಯದನ್ನು. ಎರಡೂ ಬೇರೆ ಬೇರೆ ಜೀನ್‌ಗಳ ದೋಷ ಎಂಬುದು 1996ರಲ್ಲಿ ಖಚಿತವಾಯಿತು.

ಉಪ್ಪು ಹೋದರೆ ಪೊಟ್ಯಾಸಿಯಂ ಏಕೆ ಕಡಿಮೆಯಾಗಬೇಕು? ನನಗೆ ಅರ್ಥವಾಗಲು ಹೆಚ್ಚು ಸಮಯ ಹಿಡಿದದ್ದು ಇದೇ. ಉಪ್ಪು ಸೋರಿದಾಗ ಅದರೊಂದಿಗೆ ನೀರೂ ಹೋಗುತ್ತದೆ, ರಕ್ತನಾಳಗಳಲ್ಲಿ ದ್ರವ ಕಡಿಮೆಯಾಗುತ್ತದೆ. ದೇಹ ಗಾಬರಿಗೊಂಡು ರೆನಿನ್ ಮತ್ತು ಆಲ್ಡೋಸ್ಟೀರೋನ್ ಎಂಬ ಹಾರ್ಮೋನುಗಳನ್ನು ಹೆಚ್ಚಿಸುತ್ತದೆ. ಆಲ್ಡೋಸ್ಟೀರೋನ್ ಕೊನೆಯ ಕೌಂಟರಾದ ಸಂಗ್ರಹ ನಾಳಕ್ಕೆ ಒಂದೇ ಆಜ್ಞೆ ಕೊಡುತ್ತದೆ: ಹೇಗಾದರೂ ಮಾಡಿ ಸೋಡಿಯಂ ಉಳಿಸು. ಅಲ್ಲಿ ಸೋಡಿಯಂ ಒಳಗೆ ಬಂದಂತೆ ಅದಕ್ಕೆ ಬದಲಾಗಿ ಪೊಟ್ಯಾಸಿಯಂ ಮತ್ತು ಆಮ್ಲದ ಕಣಗಳು ಮೂತ್ರಕ್ಕೆ ಹೋಗುತ್ತವೆ. ಪೊಟ್ಯಾಸಿಯಂ ಹೋಗಿದ್ದರಿಂದ ರಕ್ತದಲ್ಲಿ ಅದು ಇಳಿಯಿತು. ಆಮ್ಲ ಹೋಗಿದ್ದರಿಂದ ರಕ್ತ ಕ್ಷಾರೀಯವಾಯಿತು. ಒಂದು ಸಾಲ ತೀರಿಸಲು ಇನ್ನೊಂದು ಸಾಲ ಮಾಡಿದ ಹಾಗೆ. ಇಷ್ಟೆಲ್ಲ ಮಾಡಿದರೂ ರಕ್ತದೊತ್ತಡ ಏರುವುದಿಲ್ಲ. ಸಾಮಾನ್ಯವಾಗಿರುತ್ತದೆ, ಇಲ್ಲವೆ ಕಡಿಮೆ ಇರುತ್ತದೆ. ಆಪಾ ಅವರದ್ದು 100/64. ಪೊಟ್ಯಾಸಿಯಂ ಕಡಿಮೆಯಿದ್ದು ಒತ್ತಡ ಹೆಚ್ಚಿದ್ದರೆ ಬೇರೆ ಕಾಯಿಲೆ ಹುಡುಕಬೇಕು.

ಇಲ್ಲಿಯವರೆಗೆ ಬಾರ್ಟರ್ ಮತ್ತು ಗಿಟಲ್‌ಮನ್ ಎರಡೂ ಒಂದೇ. ವ್ಯತ್ಯಾಸ ತಿಳಿಯಲು ಆ ಎರಡು ಕೌಂಟರುಗಳು ಉಪ್ಪಲ್ಲದೆ ಇನ್ನೇನು ಕೆಲಸ ಮಾಡುತ್ತವೆ ಎಂದು ನೋಡಬೇಕು.

ಹೆನ್ಲೆ ಕುಣಿಕೆಯ ದಪ್ಪ ಭಾಗ ಉಪ್ಪನ್ನು ಎಳೆದು ಮೂತ್ರಪಿಂಡದ ಒಳಭಾಗವನ್ನು ಉಪ್ಪುಪ್ಪಾಗಿ ಇಡುತ್ತದೆ. ಆ ಉಪ್ಪಿನಂಶದ ಬಲದಿಂದಲೇ ಮೂತ್ರದ ನೀರು ಹೀರಲ್ಪಟ್ಟು ಮೂತ್ರ ಗಟ್ಟಿಯಾಗುತ್ತದೆ. ಇದು ಕೆಟ್ಟರೆ ಮೂತ್ರ ನೀರಾಗಿ ಹೋಗುತ್ತಲೇ ಇರುತ್ತದೆ. ತೀವ್ರ ಬಾರ್ಟರ್‌ನಲ್ಲಿ ಇದು ತಾಯಿಯ ಗರ್ಭದಲ್ಲೇ ಶುರುವಾಗುತ್ತದೆ. ಶಿಶು ಅತಿಯಾಗಿ ಮೂತ್ರ ಮಾಡಿ ಗರ್ಭದ ನೀರು ಹೆಚ್ಚುತ್ತದೆ, ಮಗು ಅವಧಿಗೆ ಮೊದಲೇ ಹುಟ್ಟುತ್ತದೆ, ನಂತರ ಬೆಳವಣಿಗೆ ಕುಂಠಿತವಾಗುತ್ತದೆ. ಇದೇ ಭಾಗದಲ್ಲಿ ಕ್ಯಾಲ್ಸಿಯಂ ಸಹ ಉಪ್ಪಿನ ಹಿಂದೆಯೇ ವಾಪಸ್ ಬರುತ್ತದೆ. ಉಪ್ಪು ನಿಂತರೆ ಅದೂ ನಿಲ್ಲುತ್ತದೆ. ಹಾಗಾಗಿ ಬಾರ್ಟರ್‌ನಲ್ಲಿ ಮೂತ್ರದಲ್ಲಿ ಕ್ಯಾಲ್ಸಿಯಂ ಹೆಚ್ಚು. ಅದು ಮೂತ್ರಪಿಂಡದೊಳಗೆ ಸುಣ್ಣದಂತೆ ಕೂರಬಹುದು, ಸ್ಕ್ಯಾನಿಂಗ್‌ನಲ್ಲಿ ಕಾಣುತ್ತದೆ.

ಮುಂದಿನ ಸುರುಳಿ ನಾಳದ ಕಥೆ ಬೇರೆ. ಮೂತ್ರ ಗಟ್ಟಿಯಾಗಿಸುವ ಕೆಲಸ ಅದರದ್ದಲ್ಲ. ಆದ್ದರಿಂದ ಗಿಟಲ್‌ಮನ್ ಇರುವ ಮಗು ಸಾಮಾನ್ಯವಾಗಿ ಸರಿಯಾಗಿಯೇ ಹುಟ್ಟಿ ಬೆಳೆಯುತ್ತದೆ, ತೊಂದರೆ ಹದಿಹರೆಯದಲ್ಲಿ ಅಥವಾ ನಂತರ ತಲೆ ಎತ್ತುತ್ತದೆ. ಆದರೆ ಮೆಗ್ನೀಸಿಯಂನ ಕೊನೆಯ ವಸೂಲಿ ಆಗುವುದು ಇಲ್ಲೇ. ಈ ನಾಳ ಕೆಟ್ಟರೆ ಮೆಗ್ನೀಸಿಯಂ ಸೋರಿ ರಕ್ತದಲ್ಲಿ ಕಡಿಮೆಯಾಗುತ್ತದೆ. ಸ್ನಾಯು ಹಿಡಿಯುವುದು, ಜುಮುಜುಮು ಎನ್ನುವುದು ಬಹುಮಟ್ಟಿಗೆ ಇದರಿಂದ. ಕ್ಯಾಲ್ಸಿಯಂ ಮಾತ್ರ ಇಲ್ಲಿ ಉಲ್ಟಾ. ದೇಹದಲ್ಲಿ ಉಪ್ಪು ನೀರು ಕಡಿಮೆಯಾದಾಗ ನಾಳದ ಮೊದಲ ಭಾಗ ಎಲ್ಲವನ್ನೂ ಜೋರಾಗಿ ಹೀರುತ್ತದೆ, ಅದರೊಂದಿಗೆ ಕ್ಯಾಲ್ಸಿಯಂ ಕೂಡ. ಹಾಗಾಗಿ ಮೂತ್ರದಲ್ಲಿ ಕ್ಯಾಲ್ಸಿಯಂ ತೀರಾ ಕಡಿಮೆ.

ಇದನ್ನು ನೆನಪಿಡಲು ಎರಡು ಔಷಧಗಳಿವೆ. ಊತ ಇಳಿಸಲು ಕೊಡುವ ಫ್ಯೂರೋಸೆಮೈಡ್ ಹೆನ್ಲೆ ಕುಣಿಕೆಯ ಪಂಪನ್ನು ನಿಲ್ಲಿಸುತ್ತದೆ. ಬಾರ್ಟರ್ ಎಂದರೆ ಜೀವನಪೂರ್ತಿ ಫ್ಯೂರೋಸೆಮೈಡ್ ನುಂಗಿದ ಹಾಗೆ. ರಕ್ತದೊತ್ತಡಕ್ಕೆ ಕೊಡುವ ಥಯಾಜೈಡ್ ಮುಂದಿನ ನಾಳದ ಪಂಪನ್ನು ನಿಲ್ಲಿಸುತ್ತದೆ; ಗಿಟಲ್‌ಮನ್ ಎಂದರೆ ಜೀವನಪೂರ್ತಿ ಥಯಾಜೈಡ್ ನುಂಗಿದ ಹಾಗೆ. ಆಪಾ ಮೇಲೆ ಅನುಮಾನ ಬಂದದ್ದೂ ಇದಕ್ಕೇ. ಕಾಯಿಲೆ ಮತ್ತು ಮಾತ್ರೆ ರಕ್ತಪರೀಕ್ಷೆಯಲ್ಲಿ ಒಂದೇ ತರಹ ಕಾಣುತ್ತವೆ.

ಈಗ ಆಪಾ ಚೀಟಿಗೆ ಬರೋಣ. ಎರಡನೇ ವೈದ್ಯರು ಮೂತ್ರಪಿಂಡ ತಜ್ಞರು. ಅವರು ಮೊದಲು ಮೂತ್ರದ ಕ್ಲೋರೈಡ್ ಬರೆದುಕೊಟ್ಟರು. ವಾಂತಿಯಿಂದ ಕ್ಲೋರೈಡ್ ಹೋಗಿದ್ದರೆ ಮೂತ್ರಪಿಂಡ ಅದನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ, ಮೂತ್ರದಲ್ಲಿ ಲೀಟರಿಗೆ 20 ಮಿಲಿಮೋಲ್‌ಗಿಂತ ಕಡಿಮೆ ಇರುತ್ತದೆ. ಆಪಾ ಅವರದ್ದು 92. ವಾಂತಿಯ ಮಾತು ಅಲ್ಲಿಗೆ ಮುಗಿಯಿತು. ಇನ್ನು ಮಾತ್ರೆಯ ಅನುಮಾನ. ಕದ್ದು ಮಾತ್ರೆ ನುಂಗುವವರಲ್ಲಿ ನುಂಗಿದಾಗ ಕ್ಲೋರೈಡ್ ಏರುತ್ತದೆ, ಔಷಧದ ಪ್ರಭಾವ ಇಳಿದಾಗ ಇದೂ ಇಳಿಯುತ್ತದೆ. ಆಪಾ ಅವರದ್ದು ಬೇರೆ ಬೇರೆ ದಿನ ಮೂರು ಸಲ ನೋಡಿದರೂ ಹೆಚ್ಚೇ ಇತ್ತು. ಮೂತ್ರದಲ್ಲಿ ಆ ಔಷಧಗಳನ್ನೇ ಹುಡುಕುವ ಪರೀಕ್ಷೆಯೂ ಖಾಲಿ ಬಂತು. ಆ ದಿನ ಖಾಲಾ ಆಪಾ ಕೈ ಹಿಡಿದು ಅತ್ತರು.

ನಂತರ ಯಾವ ಕೌಂಟರ್ ಎಂಬ ಪ್ರಶ್ನೆ. ರಕ್ತದ ಮೆಗ್ನೀಸಿಯಂ 1.3 ಇತ್ತು, 1.7ಕ್ಕಿಂತ ಮೇಲಿರಬೇಕು. ಮೂತ್ರದಲ್ಲಿ ಕ್ಯಾಲ್ಸಿಯಂ ಮತ್ತು ಕ್ರಿಯಾಟಿನಿನ್ ಅನುಪಾತ 0.03, ಗಿಟಲ್‌ಮನ್‌ನಲ್ಲಿ ಇದು 0.07ಕ್ಕಿಂತ ಕಡಿಮೆ ಇರುತ್ತದೆ. ಸ್ಕ್ಯಾನಿಂಗ್‌ನಲ್ಲಿ ಸುಣ್ಣ ಇಲ್ಲ. ಹುಟ್ಟು ಒಂಬತ್ತು ತಿಂಗಳು ತುಂಬಿದ ಹುಟ್ಟು. ಎಲ್ಲವೂ ಗಿಟಲ್‌ಮನ್ ಕಡೆಗೇ ಬೊಟ್ಟು ಮಾಡಿದವು. ಆದರೂ ತಜ್ಞರು ಜೀನ್ ಪರೀಕ್ಷೆ ಮಾಡಿಸಿದರು. ಬಾರ್ಟರ್‌ನ ಮೂರನೇ ವಿಧ ಕೆಲವೊಮ್ಮೆ ಥೇಟ್ ಗಿಟಲ್‌ಮನ್ ಥರವೇ ಕಾಣುತ್ತದೆ, ಅಲ್ಲಿ ಮೂತ್ರದ ಕ್ಯಾಲ್ಸಿಯಂ ಮೋಸ ಮಾಡಬಹುದು ಎಂದು ಅವರೇ ವಿವರಿಸಿದರು. ಗಿಟಲ್‌ಮನ್ ಜೀನ್‌ನ ಎರಡೂ ಪ್ರತಿಗಳಲ್ಲಿ ದೋಷ ಸಿಕ್ಕಿತು.

ಎರಡೂ ಪ್ರತಿ ಎಂಬುದು ಮುಖ್ಯ. ಒಂದು ಪ್ರತಿ ಕೆಟ್ಟಿದ್ದರೆ ಕಾಯಿಲೆ ಬರುವುದಿಲ್ಲ, ಅವರು ವಾಹಕರು ಅಷ್ಟೆ. ತಂದೆ ತಾಯಿ ಇಬ್ಬರೂ ವಾಹಕರಾದರೆ ಪ್ರತಿ ಮಗುವಿಗೂ ಕಾಯಿಲೆಯ ಸಾಧ್ಯತೆ 4ಕ್ಕೆ 1. ಗಿಟಲ್‌ಮನ್ ವಾಹಕರು ಸುಮಾರು 100ಕ್ಕೆ ಒಬ್ಬರು. ಸಂಬಂಧವಿಲ್ಲದ ದಂಪತಿಯ ಮಗುವಿಗೆ ಲೆಕ್ಕ ಹಾಕಿದರೆ 100 ಗುಣಿಸು 100 ಗುಣಿಸು 4, ಅಂದರೆ 40,000ಕ್ಕೆ 1. ಅಣ್ಣತಮ್ಮಂದಿರ, ಅಕ್ಕತಂಗಿಯರ ಮಕ್ಕಳು ಮದುವೆಯಾದರೆ, ಒಬ್ಬರು ವಾಹಕರಾಗಿದ್ದಾಗ ಇನ್ನೊಬ್ಬರಲ್ಲೂ ಅದೇ ದೋಷ ಇರುವ ಸಾಧ್ಯತೆ 8ಕ್ಕೆ 1 ಆಗುತ್ತದೆ. ಆಗ 100 ಗುಣಿಸು 8 ಗುಣಿಸು 4, ಅಂದರೆ 3,200ಕ್ಕೆ 1. ಖಾಲಾ ಮತ್ತು ಖಾಲೂ ಅಂಥ ಸಂಬಂಧದವರೇ. ನಮ್ಮ ಮನೆಗಳಲ್ಲಿ ಮಾತ್ರವಲ್ಲ, ಅಕ್ಕನ ಮಗಳನ್ನು ತರುವ ಮನೆಗಳಿಗೂ ಇದೇ ಲೆಕ್ಕ ಇನ್ನೂ ಬಿಗಿಯಾಗಿ ಅನ್ವಯಿಸುತ್ತದೆ. ಇದರಲ್ಲಿ ಯಾರ ತಪ್ಪೂ ಇಲ್ಲ, ಆದರೆ ಲೆಕ್ಕ ಗೊತ್ತಿರಬೇಕು. ಆಪಾ ತಮ್ಮನಿಗೂ ರಕ್ತಪರೀಕ್ಷೆ ಮಾಡಿಸಿದರು. ಅವನದ್ದು ಸರಿಯಿತ್ತು.

ಈ ಸೋರಿಕೆಯನ್ನು ಮುಚ್ಚುವ ಮದ್ದು ಇನ್ನೂ ಇಲ್ಲ. ಹೋದದ್ದನ್ನು ತುಂಬುವುದೇ ಚಿಕಿತ್ಸೆ. ಉಪ್ಪು ಧಾರಾಳವಾಗಿ ತಿನ್ನಲು ತಜ್ಞರೇ ಹೇಳಿದರು. ಆ ಉಪ್ಪಿನಕಾಯಿ ದೇಹದ ಬೇಡಿಕೆಯಾಗಿತ್ತು. ಮೆಗ್ನೀಸಿಯಂ ತುಂಬದೆ ಪೊಟ್ಯಾಸಿಯಂ ಏರುವುದಿಲ್ಲ, ಏಕೆಂದರೆ ಮೆಗ್ನೀಸಿಯಂ ಕಡಿಮೆಯಿದ್ದಾಗ ಪೊಟ್ಯಾಸಿಯಂ ಸೋರುವ ಬಾಗಿಲು ತೆರೆದೇ ಇರುತ್ತದೆ. ಮೆಗ್ನೀಸಿಯಂ ಒಮ್ಮೆಗೇ ಹೆಚ್ಚು ನುಂಗಿದರೆ ಭೇದಿಯಾಗಿ ಇನ್ನಷ್ಟು ನಷ್ಟ, ಹಾಗಾಗಿ ದಿನಕ್ಕೆ ಮೂರು ನಾಲ್ಕು ಭಾಗ ಮಾಡಿ ಊಟದ ಜೊತೆ. ಪೊಟ್ಯಾಸಿಯಂ ಅನ್ನು ಕ್ಲೋರೈಡ್ ರೂಪದಲ್ಲೇ ಕೊಡುತ್ತಾರೆ, ಏಕೆಂದರೆ ಕ್ಲೋರೈಡೂ ಸೋರಿದೆ. ಒಂದು ಬಾಳೆಹಣ್ಣಿನಲ್ಲಿ ಸುಮಾರು 10 ಮಿಲಿಮೋಲ್ ಪೊಟ್ಯಾಸಿಯಂ ಇದೆ. ಬರೀ ಹಣ್ಣಿನಿಂದ ಈ ಕೊರತೆ ತುಂಬುವುದಿಲ್ಲ. ಗುರಿ 3ರ ಆಸುಪಾಸು. ಪೂರ್ತಿ ಸಾಮಾನ್ಯ ಮಟ್ಟಕ್ಕೆ ತರುವುದು ಹಲವರಲ್ಲಿ ಆಗುವುದಿಲ್ಲ. ಬಾರ್ಟರ್ ಮಕ್ಕಳಿಗೆ ಇವುಗಳ ಜೊತೆ ಇಂಡೋಮೆಥಾಸಿನ್‌ನಂಥ ಔಷಧವೂ ಬೇಕಾಗಬಹುದು, ಏಕೆಂದರೆ ಅವರ ಮೂತ್ರಪಿಂಡದಲ್ಲಿ ಪ್ರೊಸ್ಟಗ್ಲಾಂಡಿನ್ ಎಂಬ ವಸ್ತು ಹೆಚ್ಚಾಗಿ ಉಪ್ಪಿನ ನಷ್ಟವನ್ನು ಇನ್ನೂ ಬೆಳೆಸುತ್ತದೆ.

ಅಪಾಯದ ದಿನಗಳು ಯಾವುವೆಂದೂ ಆಪಾಗೆ ಈಗ ಗೊತ್ತು: ವಾಂತಿಭೇದಿ, ಸುಡುಬಿಸಿಲು, ನೀರು ಮಾತ್ರೆ ಎರಡೂ ತಪ್ಪುವ ದಿನ. ರೋಜಾ ವಿಷಯವನ್ನು ಅವರು ಮೊದಲು ತಜ್ಞರ ಹತ್ತಿರವೇ ಕೇಳಿದರು. ಎದೆ ಹೊಡೆದುಕೊಂಡರೆ, ತಲೆಸುತ್ತಿ ಬಿದ್ದರೆ, ಕೈಕಾಲು ಎತ್ತಲಾಗದಂತಾದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು, ಏಕೆಂದರೆ ಪೊಟ್ಯಾಸಿಯಂ ತೀರಾ ಇಳಿದರೆ ಹೃದಯದ ಲಯ ತಪ್ಪುತ್ತದೆ.

ಮೊನ್ನೆ ಅವರ ಪೊಟ್ಯಾಸಿಯಂ 3.2 ಬಂದಿತ್ತು. ಚೀಟಿಯನ್ನು ನನಗೆ ತೋರಿಸಿ, "ಬ್ಯಾಲೆನ್ಸ್ ಷೀಟ್ ಇನ್ನೂ ಪೂರ್ತಿ ಟ್ಯಾಲಿ ಆಗಿಲ್ಲ" ಎಂದು ನಕ್ಕರು. ಅವರನ್ನು ನಂಬದಿದ್ದ ಆ ವಾರಗಳಿಗೆ ನಾನು ಮಾಫಿ ಕೇಳಿದ್ದೂ ಅವತ್ತೇ.