ಶಿಕ್ಷಣ ಸಾಲ: ಕಂತಿಲ್ಲದ ವರ್ಷಗಳ ಬಡ್ಡಿ ಲೆಕ್ಕ

ಮಕ್ಕಳ ಓದಿಗೆ ಬ್ಯಾಂಕಿನಿಂದ ಸಾಲ ಪಡೆದ ರೈತರು ಓದು ಮುಗಿಯುವವರೆಗೆ ಕಂತು ಕಟ್ಟಬೇಕಾಗಿಲ್ಲ. ಭಾರತೀಯ ಬ್ಯಾಂಕುಗಳ ಸಂಘದ ಮಾದರಿ ಯೋಜನೆಯಂತೆ ಓದಿನ ಅವಧಿ ಹಾಗೂ ನಂತರದ ಒಂದು ವರ್ಷ ಮರುಪಾವತಿಗೆ ವಿರಾಮವಿರುತ್ತದೆ. ಆದರೆ ವಿರಾಮವಿರುವುದು ಕಂತಿಗೆ ಮಾತ್ರ, ಬಡ್ಡಿಗಲ್ಲ. ಹಣ ಬಿಡುಗಡೆಯಾದ ದಿನದಿಂದಲೇ ಬಡ್ಡಿ ಬೆಳೆಯುತ್ತದೆ.

ಒಂದು ಉದಾಹರಣೆ

ನಾಲ್ಕು ವರ್ಷದ ಕೃಷಿ ಪದವಿಗೆ ಸೇರಿದ ಮಗಳಿಗಾಗಿ ರೈತರೊಬ್ಬರು ಪ್ರತಿ ವರ್ಷದ ಆರಂಭದಲ್ಲಿ 1 ಲಕ್ಷದಂತೆ 4 ಲಕ್ಷ ರೂಪಾಯಿ ಪಡೆದರೆನ್ನೋಣ. ಬಡ್ಡಿ ದರ ಶೇಕಡಾ 10. ವಿರಾಮದ ಅವಧಿಯಲ್ಲಿ ಸರಳ ಬಡ್ಡಿ.

ಮೊದಲ ಲಕ್ಷಕ್ಕೆ 5 ವರ್ಷಗಳ ಬಡ್ಡಿ: ರೂ. 50,000
ಎರಡನೆಯದಕ್ಕೆ 4 ವರ್ಷ: ರೂ. 40,000
ಮೂರನೆಯದಕ್ಕೆ 3 ವರ್ಷ: ರೂ. 30,000
ನಾಲ್ಕನೆಯದಕ್ಕೆ 2 ವರ್ಷ: ರೂ. 20,000
ಒಟ್ಟು ಬಡ್ಡಿ: ರೂ. 1,40,000

ವಿರಾಮ ಮುಗಿದೊಡನೆ ಈ ಬಡ್ಡಿಯನ್ನು ಅಸಲಿಗೆ ಸೇರಿಸಲಾಗುತ್ತದೆ. ಆಗ ಸಾಲ ರೂ. 5,40,000 ಆಗುತ್ತದೆ. ಮುಂದಿನ ಬಡ್ಡಿ ಈ ಪೂರ್ತಿ ಮೊತ್ತದ ಮೇಲೆ.

ಮಾಸಿಕ ಕಂತು

ಶೇಕಡಾ 10ರ ದರದಲ್ಲಿ 10 ವರ್ಷಗಳಿಗೆ, ಲಕ್ಷಕ್ಕೆ ತಿಂಗಳ ಕಂತು ಸುಮಾರು ರೂ. 1,321.50. ಅಂತೆಯೇ 5,40,000ಕ್ಕೆ ರೂ. 7,136. ಮೊದಲ ಕಂತಿನಲ್ಲಿ ರೂ. 4,500 ಬಡ್ಡಿಗೇ ಹೋಗಿ, ಅಸಲಿಗೆ ಸಲ್ಲುವುದು ರೂ. 2,636 ಮಾತ್ರ. ಅಸಲು ಕರಗಿದಂತೆ ಬಡ್ಡಿಯ ಪಾಲು ಇಳಿಯುತ್ತದೆ.

ಬಡ್ಡಿಯನ್ನು ಆಗಾಗ್ಗೆ ಕಟ್ಟಿದರೆ

ಅದೇ ರೈತರು ಸುಗ್ಗಿಯ ಹಣದಿಂದ ಆಯಾ ವರ್ಷದ ಬಡ್ಡಿಯನ್ನು ಕಟ್ಟುತ್ತ ಬಂದರೆ, ಮೊದಲ ವರ್ಷ 10,000, ಎರಡನೇ ವರ್ಷ 20,000, ಮೂರನೇ ವರ್ಷ 30,000, ನಂತರದ ಎರಡು ವರ್ಷ ತಲಾ 40,000 ರೂಪಾಯಿ ಬೇಕು. ಆಗ ಸಾಲ 4 ಲಕ್ಷದಲ್ಲೇ ನಿಂತು ಕಂತು ರೂ. 5,286 ಆಗುತ್ತದೆ. ಮೊದಲೇ ಕಟ್ಟಿದ ಬಡ್ಡಿಯನ್ನೂ ಸೇರಿಸಿ ನೋಡಿದರೆ, ಒಟ್ಟು ಪಾವತಿಯಲ್ಲಿ ಸುಮಾರು 82,000 ರೂಪಾಯಿ ಕಡಿಮೆ. ಹೀಗೆ ಬಡ್ಡಿ ಕಟ್ಟುವವರಿಗೆ ದರದಲ್ಲಿ ಶೇಕಡಾ 1ರಷ್ಟು ರಿಯಾಯಿತಿ ನೀಡಲು ಮಾದರಿ ಯೋಜನೆಯಲ್ಲಿ ಅವಕಾಶವಿದೆ. ತಮ್ಮ ಶಾಖೆಯಲ್ಲಿ ಇದನ್ನು ವಿಚಾರಿಸಬೇಕು. ಪೂರ್ತಿ ಬಡ್ಡಿ ಸಾಧ್ಯವಾಗದಿದ್ದರೆ ಆದಷ್ಟು ಕಟ್ಟಿದರೂ ಅಷ್ಟರ ಮಟ್ಟಿಗೆ ಲಾಭವೇ.

ಪರಿಶೀಲಿಸಬೇಕಾದದ್ದು

ವರ್ಷಕ್ಕೊಮ್ಮೆ ಸಾಲದ ಖಾತೆಯ ವಿವರಪಟ್ಟಿ ಪಡೆಯಬೇಕು. ಬಡ್ಡಿ ಕಟ್ಟದೆ ಬಿಟ್ಟಿದ್ದಲ್ಲಿ, ಮೇಲಿನ ಉದಾಹರಣೆಯ ಎರಡನೇ ವರ್ಷದ ಬಡ್ಡಿ 20,000 ಇರಬೇಕು. 21,000 ಇದ್ದರೆ ಬಡ್ಡಿಯ ಮೇಲೆ ಬಡ್ಡಿ ಬಿದ್ದಿದೆ ಎಂದರ್ಥ. ಕರಾರುಪತ್ರದಲ್ಲಿ ಸರಳ ಬಡ್ಡಿ ಎಂದಿದ್ದರೆ, ವಿವರಪಟ್ಟಿಯೊಡನೆ ಶಾಖೆಗೆ ಲಿಖಿತ ಅರ್ಜಿ ಕೊಟ್ಟು ಸರಿಪಡಿಸಿಕೊಳ್ಳಬೇಕು. ದರ ಬದಲಾಗುವ ಸಾಲವಾಗಿದ್ದರೆ, ದರ ಬದಲಾದಾಗಲೆಲ್ಲ ಈ ಲೆಕ್ಕವನ್ನು ಮತ್ತೊಮ್ಮೆ ಹಾಕಿ ನೋಡಬೇಕು.