ನಗಿಸುತ್ತ ಕ್ಷಮೆ ಕೇಳುವಾಗ

ಕಂಪನಿಗಳ ಪರವಾಗಿ ಗ್ರಾಹಕರಿಗೆ ಕ್ಷಮಾಪತ್ರ ಬರೆದುಕೊಡುವುದು ನನ್ನ ಕೆಲಸ. ತಂಡಕ್ಕೆ ಹೊಸದಾಗಿ ಬಂದವರು ಒಂದಲ್ಲ ಒಂದು ದಿನ ಬ್ರಿಟನ್ನಿನ ಕೆಎಫ್‌ಸಿ 2018ರಲ್ಲಿ ಕೊಟ್ಟ ಜಾಹೀರಾತನ್ನು ಮೊಬೈಲಿನಲ್ಲಿ ತೋರಿಸಿ, "ನಾವೂ ಹೀಗೇ ಬರೆಯೋಣ ಸರ್" ಅನ್ನುತ್ತಾರೆ. ಬರೆಯಬಹುದು. ಆದರೆ ಆ ವಾರ ಅದೇ ಕಂಪನಿ ಎರಡು ಸಲ ನಗೆಯಾಡಿತ್ತು ಎಂಬುದು ಅವರಲ್ಲಿ ಹೆಚ್ಚಿನವರಿಗೆ ಗೊತ್ತಿರುವುದಿಲ್ಲ.

1. ನಗೆ ಯಾರ ಮೇಲೆ ಬೀಳುತ್ತಿದೆ ನೋಡಿ

ಫೆಬ್ರವರಿ ಮಧ್ಯದಲ್ಲಿ ಕೆಎಫ್‌ಸಿ ತನ್ನ ಸರಬರಾಜನ್ನು ಬಿಡ್‌ವೆಸ್ಟ್ ಕಂಪನಿಯಿಂದ ಡಿಎಚ್‌ಎಲ್‌ಗೆ ವಹಿಸಿತು. ಮೊದಲು ಹಲವು ಉಗ್ರಾಣಗಳಿಂದ ಹೊರಡುತ್ತಿದ್ದ ಮಾಲು ಈಗ ರಗ್ಬಿ ಊರಿನ ಒಂದೇ ಉಗ್ರಾಣದಿಂದ ಹೊರಡಬೇಕಾಯಿತು. ಅಲ್ಲಿ ಸಿಕ್ಕಿಕೊಂಡ ಕೋಳಿ ಅಂಗಡಿಗಳಿಗೆ ತಲುಪಲಿಲ್ಲ. ಸುಮಾರು 900 ಅಂಗಡಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಬಾಗಿಲು ಹಾಕಿದವು.

ಕಂಪನಿ ಮೊದಲು ಹಾಕಿದ ಪ್ರಕಟಣೆಯಲ್ಲೇ ಒಂದು ಹಾಸ್ಯವಿತ್ತು. ಕೋಳಿ ರಸ್ತೆ ದಾಟಿದ್ದು ಏಕೆ ಎಂಬುದು ಇಂಗ್ಲಿಷ್ ಮಕ್ಕಳ ಹಳೆಯ ಒಗಟು. ಕೋಳಿ ರಸ್ತೆಯನ್ನೇನೋ ದಾಟಿತು, ನಮ್ಮ ಅಂಗಡಿಗೆ ಮಾತ್ರ ಬರಲಿಲ್ಲ ಎಂದು ಅವರು ಬರೆದರು. ಜೊತೆಗೇ, ಸರಬರಾಜಿಗೆ ಬಂದ ಹೊಸಬರಿಗೆ ಆರಂಭದ ತೊಡಕುಗಳಿವೆ ಎಂದರು. ತಪ್ಪು ಕೋಳಿಯದು, ಇಲ್ಲವೇ ಲಾರಿಯವನದು! ಆ ಹೊಸಬರನ್ನು ಆರಿಸಿದವರು ಯಾರು ಎಂಬ ಮಾತೇ ಇಲ್ಲ.

ಕೆಲವು ದಿನಗಳ ನಂತರ ಬಂದದ್ದು ಆ ಪ್ರಸಿದ್ಧ ಪುಟ. ಕೆಂಪು ಹಿನ್ನೆಲೆ, ಖಾಲಿ ಬಕೆಟ್, ಅದರ ಮೇಲೆ ತಮ್ಮದೇ ಹೆಸರಿನ ಮೂರು ಅಕ್ಷರಗಳನ್ನು ಅದಲುಬದಲು ಮಾಡಿ 'ಎಫ್‌ಸಿಕೆ' ಎಂದು ಬರೆದಿತ್ತು. ಒಂದು ಅಕ್ಷರ ಕಡಿಮೆಯಾದ ಇಂಗ್ಲಿಷ್ ಬೈಗುಳ ಅದು. ಅಂದರೆ ಕಂಪನಿ ತನ್ನನ್ನು ತಾನೇ, ತನ್ನ ಬೋರ್ಡಿನ ಮೇಲೆಯೇ ಬೈದುಕೊಂಡಿತ್ತು. ಪುಟದಲ್ಲಿ ಡಿಎಚ್‌ಎಲ್‌ನ ಹೆಸರೇ ಇರಲಿಲ್ಲ. ನನ್ನ ಮಟ್ಟಿಗೆ ಅದರ ಜಾಣತನ ಬೈಗುಳದಲ್ಲಿಲ್ಲ, ಈ ಬಿಟ್ಟ ಹೆಸರಿನಲ್ಲಿದೆ.

2. ನಗೆಯನ್ನು ಅಳಿಸಿ ಓದಿ

ಕರಡು ಬಂದೊಡನೆ ಅದರ ಹಾಸ್ಯದ ಸಾಲುಗಳಿಗೆ ಅಡ್ಡಗೆರೆ ಹಾಕುತ್ತೇನೆ. ಉಳಿದದ್ದರಲ್ಲಿ ಏನು ತಪ್ಪಾಯಿತು, ಯಾರಿಗೆ ತೊಂದರೆಯಾಯಿತು, ಈಗ ಏನು ಮಾಡುತ್ತಿದ್ದೇವೆ ಎಂಬುದು ಸಿಗಬೇಕು. ಕೆಎಫ್‌ಸಿ ಪುಟದ ಬಕೆಟ್ಟನ್ನು ಕೈಯಿಂದ ಮುಚ್ಚಿದರೂ ಕೆಳಗಿನ ಪತ್ರ ನಿಲ್ಲುತ್ತದೆ. ದೂರದಿಂದ ಬಂದು ಮುಚ್ಚಿದ ಬಾಗಿಲು ನೋಡಿ ಹಿಂತಿರುಗಿದವರನ್ನು ಬೇರೆಯಾಗಿಯೇ ನೆನೆದು ಕ್ಷಮೆ ಕೇಳಿದ್ದರು. ನಿಮ್ಮ ಊರಿನ ಅಂಗಡಿ ತೆರೆದಿದೆಯೇ ಎಂದು ಎಲ್ಲಿ ನೋಡಬೇಕು ಎಂಬುದನ್ನೂ ತಿಳಿಸಿದ್ದರು.

ಇದೇ ಪರೀಕ್ಷೆಯಲ್ಲಿ ಬಿದ್ದ ಕರಡೊಂದನ್ನು ಹೇಳುತ್ತೇನೆ. ಮನೆಗೆ ದಿನಸಿ ತಲುಪಿಸುವ ಒಂದು ಕಂಪನಿ ಗೌರಿ ಹಬ್ಬದ ಹಿಂದಿನ ದಿನ ತನ್ನ ಶಕ್ತಿ ಮೀರಿ ಆರ್ಡರ್ ತೆಗೆದುಕೊಂಡಿತ್ತು. ಹಲವು ಮನೆಗಳಿಗೆ ಹೂವು, ವೀಳ್ಯದೆಲೆ, ಬಾಳೆಕಂದು ಬಂದದ್ದು ಪೂಜೆ ಮುಗಿದ ಮೇಲೆ. ಅವರ ಹುಡುಗ ಬರೆದಿದ್ದ: "ಗಣಪನ ಇಲಿಯೂ ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನಲ್ಲಿ ಸಿಕ್ಕಿಬಿತ್ತು!" ಸಾಲು ಚೆನ್ನಾಗಿದೆ, ನನಗೂ ನಗು ಬಂತು. ಅಡ್ಡಗೆರೆ ಹಾಕಿದ ಮೇಲೆ ಉಳಿದದ್ದು "ಅನಾನುಕೂಲಕ್ಕೆ ವಿಷಾದಿಸುತ್ತೇವೆ" ಮಾತ್ರ. ಟ್ರಾಫಿಕ್ ಕಾರಣವೇ ಆಗಿರಲಿಲ್ಲ. ಗಾಡಿಗಳು ಎಷ್ಟಿವೆ ಎಂದು ಎಣಿಸದೆ ಆರ್ಡರ್ ಹಿಡಿದದ್ದು ಕಾರಣ. ಬೆಂಗಳೂರಿನವರು ಟ್ರಾಫಿಕ್ ಎಂದರೆ ತಲೆಯಾಡಿಸುತ್ತಾರೆ ಎಂಬ ಧೈರ್ಯದ ಮೇಲೆ ಆ ಹಾಸ್ಯ ನಿಂತಿತ್ತು, ಹಾಗಾಗಿ ಅದು ನುಣುಚಿಕೊಳ್ಳುವ ಮಾತೇ.

ಕಳಿಸಿದ ಪತ್ರದಲ್ಲಿ ನಗೆ ಇರಲಿಲ್ಲ. ತಲುಪಿಸಲಾಗದಷ್ಟು ಆರ್ಡರ್ ತೆಗೆದುಕೊಂಡೆವು, ನಿಮ್ಮ ಪೂಜೆಯ ಹೊತ್ತಿಗೆ ಸಾಮಾನು ಬರಲಿಲ್ಲ, ಪೂರ್ತಿ ಹಣ ಹಿಂತಿರುಗಿಸಿದ್ದೇವೆ ಎಂದಷ್ಟೇ ಬರೆದೆವು. ಹಬ್ಬವನ್ನು ಮತ್ತೊಮ್ಮೆ ತಂದುಕೊಡಲು ಯಾರಿಗೂ ಆಗುವುದಿಲ್ಲ. ಹಾಗೆ ತುಂಬಿಕೊಡಲಾಗದ ನಷ್ಟದ ಮುಂದೆ ಹಾಸ್ಯ ಬೇಡ ಎನ್ನುವವನು ನಾನು. ಊಟ ಕೆಟ್ಟು ಹೊಟ್ಟೆನೋವು ಬಂದವರಿಗೆ ಬರೆಯುವಾಗಂತೂ ಆ ಯೋಚನೆಯೇ ಬರಬಾರದು.

3. ಒಂದೇ ತಪ್ಪಿನಿಂದ ಎಲ್ಲರಿಗೂ ಒಂದೇ ನಷ್ಟವಲ್ಲ

ಕೋಳಿ ಸಿಗದ ಗ್ರಾಹಕ ಒಂದು ಹೊತ್ತಿನ ಊಟಕ್ಕೆ ಬೇರೆ ಅಂಗಡಿ ಹುಡುಕಿದ. ಮುಚ್ಚಿದ ಅಂಗಡಿಯ ಕೆಲಸಗಾರನಿಗೆ ಇದ್ದದ್ದು ಆ ವಾರದ ಸಂಬಳದ ಚಿಂತೆ. ಬಕೆಟ್ಟಿನ ನಗೆ ಮೊದಲನೆಯವನಿಗೆ ಸರಿ. ಎರಡನೆಯವನಿಗೆ ಆ ಪುಟ ಸಾದಾ ಮಾತಿನಲ್ಲಿ ಧನ್ಯವಾದ ಹೇಳಿತು, ಅದೂ ಸರಿಯೇ. ಆದರೆ ಸಂಬಳದ ಪ್ರಶ್ನೆಗೆ ಉತ್ತರ ಜಾಹೀರಾತಿನಲ್ಲಿ ಸಿಗುವಂಥದ್ದಲ್ಲ. ಆದ್ದರಿಂದ ನಾವು ಪತ್ರ ಬರೆಯುವ ಮೊದಲು ನೊಂದವರ ಪಟ್ಟಿ ಮಾಡುತ್ತೇವೆ. ಪಟ್ಟಿಯಲ್ಲಿ ಅತಿ ಹೆಚ್ಚು ಕಳೆದುಕೊಂಡವರ ಕೈಗೂ ಅದೇ ಪತ್ರ ಹೋಗುವುದಾದರೆ, ಅವರನ್ನು ನೆನೆದೇ ಬರೆಯುತ್ತೇವೆ.

4. ಫೋನಿನಲ್ಲಿ ಮೊದಲು ನಗುವ ಹಕ್ಕು ಅವರದು

ಗ್ರಾಹಕರೇ "ಏನಪ್ಪಾ, ಬಾಳೆಕಂದು ಗೊನೆ ಬಿಟ್ಟ ಮೇಲೆ ತರೋಣ ಅಂತಿದ್ರಾ?" ಎಂದು ಕೇಳಿದರೆ ನಕ್ಕು, "ಮಾತು ನ್ಯಾಯವೇ ಅಮ್ಮ, ತಪ್ಪು ನಮ್ಮದೇ" ಎನ್ನಬಹುದು. ಅದಕ್ಕಿಂತ ದೊಡ್ಡ ಚಟಾಕಿ ಹಾರಿಸಲು ಹೋದ ಹುಡುಗರ ಕರೆಗಳೇ ಆಮೇಲೆ ಮ್ಯಾನೇಜರ್ ಮೇಜಿಗೆ ಬರುವುದು.