ಉಳಿತಾಯ ಖಾತೆ: ದಿನದ ಬಾಕಿಯ ಮೇಲೆ ಬಡ್ಡಿ

2010ರ ಏಪ್ರಿಲ್ 1ರಿಂದ ಉಳಿತಾಯ ಖಾತೆಯ ಬಡ್ಡಿಯನ್ನು ಪ್ರತಿದಿನದ ಬಾಕಿಯ ಮೇಲೆ ಲೆಕ್ಕ ಹಾಕಲಾಗುತ್ತಿದೆ. ಅದಕ್ಕೂ ಮೊದಲು ತಿಂಗಳ 10ರಿಂದ ಕೊನೆಯ ದಿನದವರೆಗಿನ ಕನಿಷ್ಠ ಬಾಕಿಗೆ ಮಾತ್ರ ಬಡ್ಡಿ ಸಿಗುತ್ತಿತ್ತು. ಠೇವಣಿದಾರರಿಗೆ ಅದು ನಿಜಕ್ಕೂ ಅನ್ಯಾಯವೇ.

ಏಪ್ರಿಲ್ 1ರಂದು ಖಾತೆಯಲ್ಲಿ 20,000 ರೂ. ಇದೆ, ದರ ವರ್ಷಕ್ಕೆ ಶೇ. 3 ಎನ್ನಿ. ಏಪ್ರಿಲ್ 21ರಂದು 10,000 ಜಮಾ, ಜೂನ್ 1ರಂದು 15,000 ಹಿಂಪಡೆತ. ದಿನದ ಕೊನೆಯ ಬಾಕಿಯೇ ಆಧಾರವಾದ್ದರಿಂದ ಜಮಾ ಮಾಡಿದ ದಿನವೂ ಹೊಸ ಬಾಕಿಗೆ ಸೇರುತ್ತದೆ. ಹಾಗಾಗಿ 20,000 ರೂ. 20 ದಿನ, 30,000 ರೂ. 41 ದಿನ, 15,000 ರೂ. 30 ದಿನ ಇದ್ದಂತಾಯಿತು. ಗುಣಲಬ್ಧಗಳ ಮೊತ್ತ 20,80,000.

ಬಡ್ಡಿ = 20,80,000 × 3 ÷ (100 × 365) = 170.96 ರೂ.

ಏಪ್ರಿಲ್ 1ರಿಂದ ಜೂನ್ 30ರವರೆಗಿನ ದಿನಗಳನ್ನು ಕೂಡಿದಾಗ 91 ಬರದಿದ್ದರೆ ಎಣಿಕೆ ತಪ್ಪಿದೆ ಎಂದೇ ಅರ್ಥ. ಮೊದಲು ಅದನ್ನು ಸರಿಪಡಿಸಿಕೊಳ್ಳಿ.